ಮೂರು ಕೊಟೇಶನ್, ಮೂರು ದಿಕ್ಕು: ತಪ್ಪು ನಮ್ಮ ಪತ್ರದಲ್ಲೇ ಇದೆಯೇ?

ಹೊಸ ಕಾರ್ಯದರ್ಶಿ

ಎಲ್ಲರಿಗೂ ನಮಸ್ಕಾರ. ನಮ್ಮದು 72 ಮನೆಗಳ ಅಪಾರ್ಟ್‌ಮೆಂಟ್. ಎರಡು ಬ್ಲಾಕ್, ನಾಲ್ಕು ಲಿಫ್ಟ್, ನೆಲಮಾಳಿಗೆಯಲ್ಲಿ ಪಾರ್ಕಿಂಗ್, ಒಂದು ಈಜುಕೊಳ. ಕಳೆದ ತಿಂಗಳು ಸಂಘದ ಕಾರ್ಯದರ್ಶಿಯಾದೆ. ಸಭೆಯಲ್ಲಿ ನೀರು ಕುಡಿಯಲು ಎದ್ದು ಹೋಗಿದ್ದೆ, ಮರಳಿ ಬರುವಷ್ಟರಲ್ಲಿ ಅವಿರೋಧವಾಗಿ ಆಯ್ಕೆಯಾಗಿದ್ದೆ.

ಕಟ್ಟಡದ ವಿಮೆ ಮುಗಿಯಲು ಐದು ವಾರ ಉಳಿದಿದೆ. ಐದು ಕಡೆಗೆ ಪತ್ರ ಬರೆದೆ, ಮೂರು ಕಡೆಯಿಂದ ಉತ್ತರ ಬಂತು. ಅತಿ ಕಡಿಮೆಯ ಪ್ರೀಮಿಯಂಗೂ ಅತಿ ಹೆಚ್ಚಿನದಕ್ಕೂ ಎರಡೂವರೆ ಪಟ್ಟು ಅಂತರ. ಒಂದೇ ಕಟ್ಟಡಕ್ಕೆ ಇಷ್ಟು ವ್ಯತ್ಯಾಸ ಹೇಗೆ? ನಾನು ಕಳುಹಿಸಿದ ಪತ್ರ ಇದು:

> ಮಾನ್ಯರೇ,
> ನಮ್ಮ ಅಪಾರ್ಟ್‌ಮೆಂಟ್ ಕಟ್ಟಡಕ್ಕೆ 18 ಕೋಟಿ ಮೊತ್ತದ ಸಮಗ್ರ ವಿಮೆ ಮಾಡಿಸಲು ಇಚ್ಛಿಸಿದ್ದೇವೆ. ವಿಮೆಯು ಲಿಫ್ಟ್‌ಗಳು, ಸಾಮಾನ್ಯ ಬಳಕೆಯ ಜಾಗಗಳು ಹಾಗೂ ಸಾರ್ವಜನಿಕ ಹೊಣೆಗಾರಿಕೆಯನ್ನು ಒಳಗೊಂಡಿರಬೇಕು. ತಮ್ಮ ಅತಿ ಕಡಿಮೆ ದರವನ್ನು ಹದಿನೈದು ದಿನಗಳೊಳಗೆ ತಿಳಿಸಬೇಕಾಗಿ ವಿನಂತಿ.
> ಇಂತಿ, ಕಾರ್ಯದರ್ಶಿ

ಕಡಿಮೆಯದ್ದಕ್ಕೇ ಸಹಿ ಹಾಕಿಬಿಡೋಣ ಎನ್ನುತ್ತಿದೆ ಸಮಿತಿ. ನನಗೇಕೋ ಧೈರ್ಯ ಬರುತ್ತಿಲ್ಲ.

ಎ ಬ್ಲಾಕ್ ಖಜಾಂಚಿ

ಸಮಿತಿ ಎಂದರೆ ನಾನೇ, ನೇರವಾಗಿ ಹೇಳಿ ಸರ್. ಮೂರು ವರ್ಷದಿಂದ ಇದೇ ಪತ್ರ, ಇದೇ ಮೊತ್ತ. ಏನೂ ಆಗಿಲ್ಲ. ಉಳಿದ ಹಣದಲ್ಲಿ ಗೇಟಿಗೆ ಬಣ್ಣ ಹೊಡೆಸಬಹುದು.

ಮಾಜಿ ಬ್ಯಾಂಕ್ ಉದ್ಯೋಗಿ

18 ಕೋಟಿ ತೀರಾ ಕಡಿಮೆಯಾಯಿತು. 72 ಮನೆಗಳ ಇಂದಿನ ಮಾರಾಟ ಬೆಲೆಯನ್ನು ಕೂಡಿಸಿ. ನಿಮ್ಮದು ಕನಿಷ್ಠ 60 ಕೋಟಿ ಆಗುತ್ತದೆ. ಅದನ್ನೇ ವಿಮಾ ಮೊತ್ತವೆಂದು ಬರೆಯಬೇಕು. ಸಾಲ ಕೊಡುವಾಗ ನಾವೂ ಇದೇ ಲೆಕ್ಕ ನೋಡುತ್ತಿದ್ದೆವು.

ನಿವೃತ್ತ ಸರ್ವೇಯರ್

ಮೊತ್ತ ಕಡಿಮೆ ಎಂದಿದ್ದು ಸರಿ, ಕಾರಣ ತಪ್ಪು. ಮಾರಾಟ ಬೆಲೆಯಲ್ಲಿ ನೆಲದ ಬೆಲೆ ಇರುತ್ತದೆ, ಆ ಬಡಾವಣೆಯ ಹೆಸರಿನ ಬೆಲೆ ಇರುತ್ತದೆ, ಮಾರಿದವರ ಲಾಭವೂ ಇರುತ್ತದೆ. ಬೆಂಕಿ ಬಿದ್ದರೆ ನೆಲ ಸುಡುವುದಿಲ್ಲ. 60 ಕೋಟಿ ಬರೆದರೆ 60 ಕೋಟಿಗೆ ಪ್ರೀಮಿಯಂ ಕಟ್ಟುತ್ತೀರಿ. ನಷ್ಟವಾದಾಗ ನಿಮಗೆ ಬರುವುದು ಕಟ್ಟಡವನ್ನು ಮತ್ತೆ ಕಟ್ಟುವ ಖರ್ಚಿನಷ್ಟೇ.

ಕಾರ್ಯದರ್ಶಿಯವರೇ, ಆ 18 ಕೋಟಿ ಎಲ್ಲಿಂದ ಬಂತು? ಮೊದಲು ಅದನ್ನು ಹೇಳಿ.

ಹೊಸ ಕಾರ್ಯದರ್ಶಿ

ಹಳೆಯ ಕಡತ ತೆಗೆದು ನೋಡಿದೆ. ಹೋದ ವರ್ಷದ ಪಾಲಿಸಿಯಲ್ಲಿ 18. ಅದರ ಹಿಂದಿನ ವರ್ಷವೂ 18. ಹಾಗೇ ಹಿಂದಕ್ಕೆ ಹೋಗುತ್ತ ಹೋದರೆ, ಒಂಬತ್ತು ವರ್ಷದ ಹಿಂದೆ ಬಿಲ್ಡರ್ ಕಟ್ಟಡವನ್ನು ಸಂಘಕ್ಕೆ ಒಪ್ಪಿಸಿದಾಗಿನ ಒಂದು ಹಾಳೆಯಲ್ಲಿ ಪೆನ್ಸಿಲಿನಲ್ಲಿ ಬರೆದ ಅಂಕಿ ಸಿಕ್ಕಿತು. ಪಕ್ಕದಲ್ಲಿ ಒಂದು ಚಹಾ ಲೋಟದ ಕಲೆ. ಅಷ್ಟೇ ಆಧಾರ.

ಮೂರನೇ ಮಹಡಿ ಅಮ್ಮ

ನಮ್ಮ ಮೇಲಿನ ಮನೆಯ ಸ್ನಾನದ ಕೋಣೆಯಿಂದ ಸೋರಿ ಮಲಗುವ ಕೋಣೆಯ ಕಪಾಟು ಉಬ್ಬಿದೆ. ಇದಕ್ಕೆ ಸಂಘದ ವಿಮೆಯಲ್ಲಿ ಹಣ ಸಿಗುತ್ತದೆಯೇ? ದಯವಿಟ್ಟು ಯಾರಾದರೂ ಹೇಳಿ.

ನಿವೃತ್ತ ಸರ್ವೇಯರ್

ಅಮ್ಮ, ನಿಮ್ಮ ಪ್ರಶ್ನೆಗೆ ಆಮೇಲೆ ಬರುತ್ತೇನೆ, ಅದು ಬೇರೆ ದಾರಿ.

ಕಾರ್ಯದರ್ಶಿಯವರೇ, ನಿಮ್ಮ ಕಟ್ಟಡದ ಅಂಕಿಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಇಂದು ಅದೇ ಕಟ್ಟಡವನ್ನು ಅದೇ ಅಳತೆಯಲ್ಲಿ ಮತ್ತೆ ಕಟ್ಟಲು 30 ಕೋಟಿ ಬೇಕು ಎಂದುಕೊಳ್ಳಿ. ನೀವು ವಿಮೆ ಮಾಡಿಸಿದ್ದು 18ಕ್ಕೆ, ಅಂದರೆ ನೂರಕ್ಕೆ ಅರವತ್ತರಷ್ಟಕ್ಕೆ. ನೆಲಮಾಳಿಗೆಯ ವಿದ್ಯುತ್ ಕೋಣೆಗೆ ಬೆಂಕಿ ಬಿದ್ದು 50 ಲಕ್ಷದ ನಷ್ಟವಾಯಿತು. ನೀವು ಯೋಚಿಸುವುದು ಹೀಗೆ: ‘ನಮ್ಮ ವಿಮೆ 18 ಕೋಟಿಗೆ ಇದೆ, 50 ಲಕ್ಷ ಯಾವ ಮೂಲೆಗೆ?’ ನಷ್ಟ ಅಳೆಯಲು ವಿಮೆಯವರು ಕಳುಹಿಸುವ ಸರ್ವೇಯರ್ ಯೋಚಿಸುವುದು ಬೇರೆ. ಆತ ಮೊದಲು ಇಡೀ ಕಟ್ಟಡದ ಮೌಲ್ಯ ಕಟ್ಟುತ್ತಾನೆ, ನೀವು ನೂರರಲ್ಲಿ ಅರವತ್ತಕ್ಕೆ ಮಾತ್ರ ಪ್ರೀಮಿಯಂ ಕಟ್ಟಿದ್ದೀರಿ ಎಂದು ಬರೆಯುತ್ತಾನೆ. ನಷ್ಟದಲ್ಲೂ ಅರವತ್ತು ಭಾಗವೇ ಸಿಗುತ್ತದೆ: 30 ಲಕ್ಷ. ಪಾಲಿಸಿಯಲ್ಲಿ ಮೊದಲ ಒಂದು ಲಕ್ಷ ನಿಮ್ಮದೇ ಎಂದಿದ್ದರೆ ಕೈಗೆ 29. ಉಳಿದ 21 ಲಕ್ಷವನ್ನು 72 ಮನೆಗಳಿಗೆ ಹಂಚಿದರೆ ಮನೆಗೆ 29 ಸಾವಿರ ಚಿಲ್ಲರೆ.

ಇದನ್ನು ಸರಾಸರಿ ಷರತ್ತು ಎನ್ನುತ್ತಾರೆ. ಇಡೀ ಕಟ್ಟಡ ಬಿದ್ದಾಗ ಮಾತ್ರ ಇದು ಅನ್ವಯಿಸುತ್ತದೆ ಎಂದು ಜನ ತಿಳಿದಿದ್ದಾರೆ. ಚಿಕ್ಕ ನಷ್ಟಕ್ಕೂ ಅನ್ವಯಿಸುತ್ತದೆ. ನನ್ನ ಕೆಲಸದ ಕಾಲದಲ್ಲಿ ಸಂಘದವರ ಮುಖ ಬಾಡುತ್ತಿದ್ದುದು ಇಲ್ಲೇ. ಕೆಲವು ಪಾಲಿಸಿಗಳಲ್ಲಿ ಇಂತಿಷ್ಟು ಶೇಕಡಾ ಕೊರತೆಯನ್ನು ಮನ್ನಿಸುವ ಮಾತು ಇರುತ್ತದೆ, ಕೆಲವರು ಈ ಷರತ್ತನ್ನೇ ಕೈಬಿಡುತ್ತಾರೆ. ಯಾವುದಿದೆ ಎಂದು ಕೊಟೇಶನ್ನಿನಲ್ಲೇ ಬರೆಸಿಕೊಳ್ಳಬೇಕು.

ಎ ಬ್ಲಾಕ್ ಖಜಾಂಚಿ

30 ಕೋಟಿ ಎಂದು ನೀವೇ ಊಹಿಸಿದಿರಿ. 20 ಆಗಿದ್ದರೆ?

ನಿವೃತ್ತ ಸರ್ವೇಯರ್

ಆಗಿದ್ದರೆ ಸಂತೋಷ. ಅಳೆದು ನೋಡಿ. ನನ್ನ ಊಹೆಯನ್ನೂ ನಂಬಬೇಡಿ, ಪೆನ್ಸಿಲನ್ನೂ ನಂಬಬೇಡಿ.

ಸೈಟ್ ಎಂಜಿನಿಯರ್

ಅಳೆಯುವಾಗ ಒಂದು ಎಚ್ಚರಿಕೆ. 72 ಮನೆಗಳ ವಿಸ್ತೀರ್ಣವನ್ನಷ್ಟೇ ಕೂಡಿಸಿ ಗುಣಿಸಿದರೆ ಮತ್ತೆ ಕಡಿಮೆಯೇ ಬರುತ್ತದೆ. ನೆಲಮಾಳಿಗೆ, ಮೆಟ್ಟಿಲು, ಲಿಫ್ಟಿನ ಗೋಡೆ, ಕಾರಿಡಾರು, ನೀರಿನ ಟ್ಯಾಂಕು, ಸಂಪು, ಕಾಂಪೌಂಡು ಎಲ್ಲವೂ ಸೇರಬೇಕು. ನೆಲಮಾಳಿಗೆ ಅಗೆದು ಕಟ್ಟುವ ಕೆಲಸ ಮೇಲಿನ ಮಹಡಿಗಿಂತ ದುಬಾರಿ, ಅದನ್ನೇ ಜನ ಬಿಟ್ಟುಬಿಡುತ್ತಾರೆ. ಇದರ ಮೇಲೆ ಅವಶೇಷ ತೆಗೆಸುವ ಖರ್ಚು ಮತ್ತು ನಕ್ಷೆ ಮಾಡುವವರ ಶುಲ್ಕ ಇದೆ. ಸುಟ್ಟ ಕಟ್ಟಡದ ಕಲ್ಲುಮಣ್ಣು ಸಾಗಿಸುವುದು ಅಗ್ಗದ ಕೆಲಸವಲ್ಲ. ಒಬ್ಬ ಎಂಜಿನಿಯರ್ ನಕ್ಷೆ ಹಿಡಿದು ಕುಳಿತರೆ ಒಂದೆರಡು ದಿನದ ಕೆಲಸ.

ವಿಮೆ ಬೇಡದವನು

ನಾನೊಂದು ಮಾತು ಹೇಳುತ್ತೇನೆ. ಈ ಪ್ರೀಮಿಯಂ ಹಣವನ್ನು ಪ್ರತಿ ವರ್ಷ ಬ್ಯಾಂಕಿನಲ್ಲಿಡಿ. ಹತ್ತು ವರ್ಷದಲ್ಲಿ ಸಂಘದ್ದೇ ಒಂದು ನಿಧಿಯಾಗುತ್ತದೆ. ಕಂಪನಿಗಳು ಹೇಗೂ ಹಣ ಕೊಡುವುದಿಲ್ಲ.

ಸೈಟ್ ಎಂಜಿನಿಯರ್

ಎರಡನೇ ವರ್ಷವೇ ಬೆಂಕಿ ಬಿದ್ದರೆ ನಿಧಿಗೆ ಇನ್ನೂ ಎಂಟು ವರ್ಷ ಬೇಕಲ್ಲ ಸ್ವಾಮಿ.

ವಿಮೆ ಬೇಡದವನು

ಆಗ ನೋಡಿಕೊಳ್ಳೋಣ.

ಲಿಫ್ಟಿನಿಂದ ಸುಟ್ಟವನು

ಕಟ್ಟಡದ ಮಾತು ಸಾಕು, ಲಿಫ್ಟಿಗೆ ಬನ್ನಿ. ನಮ್ಮ ಸಂಘದ ಪತ್ರದಲ್ಲೂ ಇದೇ ಸಾಲು ಇತ್ತು, ‘ಲಿಫ್ಟ್‌ಗಳನ್ನು ಒಳಗೊಂಡಿರಬೇಕು’. ಒಳಗೊಂಡಿತ್ತು ಕೂಡ. ಒಂದು ರಾತ್ರಿ ವೋಲ್ಟೇಜ್ ಏರುಪೇರಾಗಿ ಕಂಟ್ರೋಲ್ ಪ್ಯಾನೆಲಿನ ಬೋರ್ಡುಗಳು ಸುಟ್ಟವು. ಹೊಗೆ ಬಂತು, ವಾಸನೆ ಬಂತು, ಬಾಗಿಲು ತೆರೆದರೆ ಹಸಿರು ಬೋರ್ಡು ಕಪ್ಪಾಗಿತ್ತು. ಸುಟ್ಟಿದ್ದಕ್ಕೆ ಬೆಂಕಿ ವಿಮೆ ಸಿಗುತ್ತದೆ ಎಂದು ಕ್ಲೇಮ್ ಹಾಕಿದೆವು. ತಿರಸ್ಕಾರವಾಯಿತು. ಎಂಟನೇ ಮಹಡಿಯ ಅಜ್ಜಿ ಇಪ್ಪತ್ತು ದಿನ ಕೆಳಗೇ ಇಳಿಯಲಿಲ್ಲ. ದೂರು ಕೊಟ್ಟೆವು, ಏನೂ ಆಗಲಿಲ್ಲ. ಅನ್ಯಾಯ ಎಂದು ಈಗಲೂ ಹೇಳುತ್ತೇನೆ.

ನಿವೃತ್ತ ಸರ್ವೇಯರ್

ನಿಮ್ಮ ಪಾಲಿಸಿ ನೋಡದೆ ತೀರ್ಪು ಕೊಡಲಾರೆ, ಆದರೆ ಏನಾಗಿರಬಹುದೆಂದು ಹೇಳಬಲ್ಲೆ. ಬೆಂಕಿ ಪಾಲಿಸಿಯಲ್ಲಿ ಸಾಮಾನ್ಯವಾಗಿ ಕೆಲವು ನಷ್ಟವನ್ನು ಹೊರಗಿಡುವ ಒಂದು ಷರತ್ತು ಇರುತ್ತದೆ. ವಿದ್ಯುತ್ ಯಂತ್ರವು ತನ್ನೊಳಗಿನ ಶಾರ್ಟ್ ಸರ್ಕ್ಯೂಟಿನಿಂದಲೋ ಅತಿಯಾದ ವೋಲ್ಟೇಜಿನಿಂದಲೋ ಸುಟ್ಟರೆ, ಆ ಯಂತ್ರದ ನಷ್ಟಕ್ಕೆ ಹಣವಿಲ್ಲ. ಅಲ್ಲಿಂದ ಬೆಂಕಿ ಹರಡಿ ಪಕ್ಕದ ಗೋಡೆ, ಪಕ್ಕದ ಮೋಟಾರು ಸುಟ್ಟರೆ ಅವಕ್ಕೆ ಇದೆ. ನಿಮ್ಮಲ್ಲಿ ಬೆಂಕಿ ಪೆಟ್ಟಿಗೆಯೊಳಗೇ ನಿಂತುಬಿಟ್ಟಿತು. ಕಟ್ಟಡಕ್ಕೆ ಅದೃಷ್ಟ, ಕ್ಲೇಮಿಗೆ ದುರದೃಷ್ಟ.

‘ಲಿಫ್ಟ್ ಒಳಗೊಂಡಿದೆ’ ಎಂಬ ಮಾತಿನಲ್ಲಿ ಮೂರು ಬೇರೆ ಬೇರೆ ವಿಷಯಗಳಿವೆ. ಹೊರಗಿನ ಬೆಂಕಿಯಿಂದಲೋ ನೆಲಮಾಳಿಗೆಗೆ ಪ್ರವಾಹ ನುಗ್ಗಿ ಲಿಫ್ಟಿನ ಗುಂಡಿ ತುಂಬಿಯೋ ಆದ ಹಾನಿ ಒಂದು. ಅದು ಕಟ್ಟಡದ ಪಾಲಿಸಿಯಲ್ಲಿ ಬರುತ್ತದೆ, ಪ್ರವಾಹವನ್ನು ಹೊರಗಿಟ್ಟಿಲ್ಲದಿದ್ದರೆ. ಯಂತ್ರ ತಾನಾಗಿ ದಿಢೀರನೆ ಕೆಡುವುದು ಎರಡನೆಯದು. ಅದಕ್ಕೆ ಯಂತ್ರ ಕೆಡುವಿಕೆಯ ವಿಮೆಯೇ ಬೇರೆ ಇದೆ, ಪ್ರೀಮಿಯಂ ಬೇರೆ, ಲಿಫ್ಟಿನ ಮೌಲ್ಯವನ್ನೂ ಬೇರೆಯಾಗಿ ಬರೆಯಬೇಕು. ಅಲ್ಲೂ ಹೊಸ ಲಿಫ್ಟ್ ತಂದು ನಿಲ್ಲಿಸುವ ಪೂರ್ತಿ ಖರ್ಚನ್ನೇ ಬರೆಯಬೇಕು. ಮೂರನೆಯದು ಲಿಫ್ಟಿನೊಳಗೆ ಮನುಷ್ಯನಿಗೆ ಪೆಟ್ಟಾಗುವುದು. ಅದು ಯಂತ್ರದ ವಿಮೆಯಲ್ಲ, ಹೊಣೆಗಾರಿಕೆಯ ವಿಮೆ.

ನಿಮಗೆ ಬಂದ ಮೂರು ಕೊಟೇಶನ್ನುಗಳಲ್ಲಿ ಒಬ್ಬರು ಮೊದಲನೆಯದನ್ನಷ್ಟೇ ಓದಿಕೊಂಡಿರಬೇಕು, ಇನ್ನೊಬ್ಬರು ಮೂರನ್ನೂ. ಎರಡೂವರೆ ಪಟ್ಟು ಅಲ್ಲಿಂದ ಬಂದಿರಬೇಕು ಎಂಬುದು ನನ್ನ ಗುಮಾನಿ.

ಹೊಸ ಕಾರ್ಯದರ್ಶಿ

ಈಗ ಮೂರನ್ನೂ ಮೇಜಿನ ಮೇಲೆ ಹರಡಿ ನೋಡಿದೆ. ಗುಮಾನಿ ನಿಜ. ಅಗ್ಗದ್ದರಲ್ಲಿ ‘ಲಿಫ್ಟ್ ಸಹಿತ ಕಟ್ಟಡ’ ಎಂದಷ್ಟೇ ಇದೆ, ಯಂತ್ರ ಕೆಡುವಿಕೆಯ ಸುದ್ದಿಯೇ ಇಲ್ಲ. ಹೊಣೆಗಾರಿಕೆಯ ಎದುರು ‘ಕೋರಿಕೆಯ ಮೇರೆಗೆ’ ಎಂದು ಬರೆದಿದ್ದಾರೆ. ಕೋರಿದ್ದೆನಲ್ಲ! ದುಬಾರಿಯದ್ದರಲ್ಲಿ ನಾಲ್ಕು ಲಿಫ್ಟ್, ಜನರೇಟರ್, ಪಂಪುಗಳು ಬೇರೆ ಬೇರೆ ಸಾಲಿನಲ್ಲಿವೆ. ನಡುವಿನದ್ದು ನನಗೆ ಅರ್ಥವೇ ಆಗಲಿಲ್ಲ.

ಲಿಫ್ಟ್ ಮೆಕ್ಯಾನಿಕ್

ನಾನು ಲಿಫ್ಟ್ ನಿರ್ವಹಣೆಯ ಕೆಲಸದವನು. ಸಂಘದವರು ಒಂದು ವಿಷಯ ಗಮನಿಸುವುದಿಲ್ಲ. ಬಿಡಿಭಾಗಗಳೂ ಸೇರಿದ ವಾರ್ಷಿಕ ನಿರ್ವಹಣಾ ಒಪ್ಪಂದ ನಿಮಗಿದ್ದರೆ, ಅನೇಕ ರಿಪೇರಿಗಳು ಅದರಲ್ಲೇ ಬರುತ್ತವೆ. ಅದರ ಮೇಲೆ ಯಂತ್ರದ ವಿಮೆಯನ್ನೂ ಮಾಡಿಸಿದರೆ ಒಂದೇ ಕೆಲಸಕ್ಕೆ ಎರಡು ಕಡೆ ದುಡ್ಡು. ಒಪ್ಪಂದದವರು ಮಾಡಿಕೊಡಬೇಕಾದ ರಿಪೇರಿಗೆ ವಿಮೆಯವರು ಕೊಡುವುದಿಲ್ಲ. ಬರೀ ಎಣ್ಣೆ ಹಾಕಿ ನೋಡಿ ಹೋಗುವ ಒಪ್ಪಂದವಾಗಿದ್ದರೆ ವಿಮೆ ಬೇಕೇ ಬೇಕು. ಮೊದಲು ಒಪ್ಪಂದದ ಹಾಳೆ ಓದಿ. ವೋಲ್ಟೇಜಿನಿಂದ ಬೋರ್ಡು ಸುಟ್ಟರೆ ನಾವು ಹೊಣೆಯಲ್ಲ ಎಂಬ ಸಾಲು ಅದರಲ್ಲಿ ಇದ್ದರೂ ಇರಬಹುದು.

ಇನ್ನೊಂದು, ಲಿಫ್ಟಿನ ಉಕ್ಕಿನ ಹಗ್ಗ ಸವೆದರೆ ಯಂತ್ರದ ವಿಮೆಯಲ್ಲಿ ಹಣ ಬರುವುದಿಲ್ಲ. ಕ್ಲೇಮ್ ಹಾಕಿ ಪೆಚ್ಚಾದವರನ್ನು ನೋಡಿದ್ದೇನೆ.

ನಿವೃತ್ತ ಸರ್ವೇಯರ್

ಸರಿಯಾಗಿ ಹೇಳಿದಿರಿ. ಹಗ್ಗ, ಬೆಲ್ಟಿನಂಥ ಸವೆಯುವ ಭಾಗಗಳನ್ನು ಸಾಮಾನ್ಯವಾಗಿ ಹೊರಗಿಡುತ್ತಾರೆ. ಸವೆತ ಆಕಸ್ಮಿಕವಲ್ಲ. ನನಗಿಂತ ಚುಟುಕಾಗಿ ಹೇಳಿದ್ದೀರಿ ಕೂಡ.

ಮಾಜಿ ಬ್ಯಾಂಕ್ ಉದ್ಯೋಗಿ

ಹೊಣೆಗಾರಿಕೆಯ ಬಗ್ಗೆ ನನಗೆ ಗೊತ್ತು. ಒಂದು ಕೋಟಿ ಎಂದು ಬರೆಸಿದರೆ ಪ್ರತಿ ಅಪಘಾತಕ್ಕೂ ಒಂದು ಕೋಟಿ ಸಿಗುತ್ತದೆ. ಅಷ್ಟು ಸಾಕು.

ನಿವೃತ್ತ ಸರ್ವೇಯರ್

ಮತ್ತೆ ಅರ್ಧ ಸರಿ. ಎರಡು ಮಿತಿಗಳಿರುತ್ತವೆ, ಒಂದು ಅಪಘಾತಕ್ಕೆ ಇಷ್ಟು, ಇಡೀ ವರ್ಷಕ್ಕೆ ಇಷ್ಟು. ಎರಡೂ ಒಂದೇ ಕೋಟಿ ಎಂದಿದ್ದರೆ, ಮೊದಲ ಅಪಘಾತಕ್ಕೆ 70 ಲಕ್ಷ ಹೋದ ಮೇಲೆ ವರ್ಷದ ಉಳಿದ ದಿನಗಳಿಗೆ 30 ಲಕ್ಷವೇ ಗತಿ. ವಕೀಲರ ಖರ್ಚು ಈ ಮಿತಿಯೊಳಗೋ ಹೊರಗೋ ಎಂಬುದನ್ನೂ ಕೇಳಬೇಕು.

ಲಿಫ್ಟನ್ನೂ ಈಜುಕೊಳವನ್ನೂ ಹೆಸರಿಟ್ಟು ಸೇರಿಸಿ ಎಂದು ಬರೆಯಿರಿ. ಇವೆರಡನ್ನೂ ಅನುಬಂಧದ ಮೂಲಕ ಸೇರಿಸಿದರೆ ಮಾತ್ರ ಹೊಣೆ ಎನ್ನುವ ಪಾಲಿಸಿಗಳಿವೆ. ಮತ್ತೆ ಕಾವಲುಗಾರ, ಕಸ ಗುಡಿಸುವವರು ಸಂಘದ ಸಂಬಳದವರಾಗಿದ್ದರೆ ಅವರು ‘ಸಾರ್ವಜನಿಕ’ರಲ್ಲ. ಮಹಡಿ ತೊಳೆಯುವಾಗ ಜಾರಿ ಬಿದ್ದರೆ ಈ ಪಾಲಿಸಿ ಕೈ ಕೊಡುತ್ತದೆ. ಅದಕ್ಕೆ ನೌಕರರ ಪರಿಹಾರದ ವಿಮೆ ಬೇರೆ.

ಐದನೇ ಮಹಡಿ ವಕೀಲೆ

ಒಂದು ಕಗ್ಗಂಟು ಉಳಿಯಿತು. ಲಿಫ್ಟಿನಲ್ಲಿ ಪೆಟ್ಟಾದವರು ಅತಿಥಿಯಾದರೆ ಸರಿ, ಅವರು ಹೊರಗಿನವರು. ಪೆಟ್ಟಾದವರು ಮನೆಯ ಮಾಲೀಕರೇ ಆದರೆ? ಅವರು ಸಂಘದ ಸದಸ್ಯರು, ಪಾಲಿಸಿ ಸಂಘದ ಹೆಸರಿನಲ್ಲಿದೆ. ತನ್ನ ಮೇಲೆ ತಾನೇ ದಾವೆ ಹೂಡಿದಂತೆ ಎಂದು ಕಂಪನಿ ವಾದಿಸಬಹುದು.

ನಿವೃತ್ತ ಸರ್ವೇಯರ್

ಸಂಘ ಬೇರೆ ವ್ಯಕ್ತಿ, ಸದಸ್ಯ ಬೇರೆ ವ್ಯಕ್ತಿ ಎನ್ನುವುದು ನನ್ನ ವಾದ.

ಐದನೇ ಮಹಡಿ ವಕೀಲೆ

ಸಂಘ ನೋಂದಣಿಯಾಗಿದ್ದು ತನ್ನದೇ ಕಾನೂನು ಅಸ್ತಿತ್ವ ಪಡೆದಿದ್ದರೆ ನಿಮ್ಮ ವಾದ ಗಟ್ಟಿ. ಬರೀ ವಾಟ್ಸಾಪ್ ಗುಂಪು ಮತ್ತು ಒಂದು ರಬ್ಬರ್ ಮುದ್ರೆ ಇರುವ ಸಂಘವಾದರೆ ಕಷ್ಟ. ಆದ್ದರಿಂದ ವಾದಕ್ಕೆ ಬಿಡಬೇಡಿ, ‘ಸದಸ್ಯರು ಮತ್ತು ಅವರ ಕುಟುಂಬದವರನ್ನು ಮೂರನೆಯವರೆಂದು ಪರಿಗಣಿಸಬೇಕು’ ಎಂದು ಪತ್ರದಲ್ಲೇ ಕೇಳಿ. ಆಗುವುದಿಲ್ಲ ಎಂದರೆ ಇಲ್ಲ ಎಂದು ಬರೆದು ಕೊಡಲಿ.

ಮೂರನೇ ಮಹಡಿ ಅಮ್ಮ

ಕಪಾಟಿನ ಪ್ರಶ್ನೆಗೆ ಇನ್ನೂ ಉತ್ತರ ಬರಲಿಲ್ಲ.

ನಿವೃತ್ತ ಸರ್ವೇಯರ್

ಕ್ಷಮಿಸಿ ಅಮ್ಮ. ಕಪಾಟು ನಿಮ್ಮ ಮನೆಯೊಳಗಿನ ಸಾಮಾನು. ಸಂಘದ ಪಾಲಿಸಿ ಕಟ್ಟಡಕ್ಕೆ, ನಿಮ್ಮ ಸಾಮಾನಿಗೆ ನೀವೇ ಮನೆಯ ವಿಮೆ ಮಾಡಿಸಬೇಕು. ಅದರಲ್ಲೂ ಪೈಪು ದಿಢೀರನೆ ಒಡೆದರೆ ಒಂದು ನ್ಯಾಯ, ತಿಂಗಳುಗಟ್ಟಲೆ ಜಿನುಗಿದರೆ ಇನ್ನೊಂದು. ಜಿನುಗಿದ್ದಕ್ಕೆ ಬಹುತೇಕ ಹಣ ಬರುವುದಿಲ್ಲ. ಮೇಲಿನ ಮನೆಯವರ ಜೊತೆ ಮಾತಾಡುವುದೇ ದಾರಿ.

ಮೂರನೇ ಮಹಡಿ ಅಮ್ಮ

ಮೇಲಿನ ಮನೆಯವರೇ ಖಜಾಂಚಿಯವರು.

ಎ ಬ್ಲಾಕ್ ಖಜಾಂಚಿ

ಅದು ಇಲ್ಲಿ ಚರ್ಚಿಸುವ ವಿಷಯವಲ್ಲ.

ಮುಖ್ಯ ವಿಷಯಕ್ಕೆ ಬರೋಣ. ಪತ್ರ ತಿದ್ದುವುದಾದರೆ ತಿದ್ದಿ. ಆದರೆ ಎರಡು ವರ್ಷದ ಹಿಂದೆ ಪಂಪ್ ಕೋಣೆಗೆ ನೀರು ನುಗ್ಗಿ ಕ್ಲೇಮ್ ತೆಗೆದುಕೊಂಡದ್ದನ್ನು ಬರೆಯುವ ಅಗತ್ಯವಿಲ್ಲ. ಅವರು ಕೇಳಿಲ್ಲ, ನಾವು ಹೇಳುವುದೇಕೆ? ಬರೆದರೆ ದರ ಏರಿಸುತ್ತಾರೆ.

ಹೊಸ ಕಾರ್ಯದರ್ಶಿ

ಕ್ಲೇಮ್ ಆಗಿತ್ತೇ?! ‘ಏನೂ ಆಗಿಲ್ಲ’ ಎಂದಿರಲ್ಲ ಮೇಲೆ!

ಎ ಬ್ಲಾಕ್ ಖಜಾಂಚಿ

ಚಿಕ್ಕದು. ಎರಡು ಮೋಟಾರು.

ನಿವೃತ್ತ ಸರ್ವೇಯರ್

ಖಜಾಂಚಿಯವರೇ, ಇದು ಪತ್ರದ ಅತಿ ದುಬಾರಿ ಉಳಿತಾಯ. ಹಳೆಯ ಪಾಲಿಸಿಯ ಸಂಖ್ಯೆಯನ್ನು ಕೇಳುತ್ತಾರೆ, ಅದರಿಂದ ಹಳೆಯ ಕ್ಲೇಮ್ ಹೊರಬರುತ್ತದೆ. ಬರುವುದು ಯಾವಾಗ? ದರ ನಿಗದಿ ಮಾಡುವಾಗಲ್ಲ. ಆಗ ಯಾರಿಗೂ ಅವಸರವಿಲ್ಲ. ದೊಡ್ಡ ನಷ್ಟವಾಗಿ ಸರ್ವೇಯರ್ ಬಂದು ಕುಳಿತಾಗ. ಮುಖ್ಯ ಸಂಗತಿ ಮುಚ್ಚಿಟ್ಟಿರಿ ಎಂದು ಇಡೀ ಕ್ಲೇಮನ್ನೇ ತಳ್ಳಿಹಾಕಲು ಅವರಿಗೆ ದಾರಿ ಸಿಗುತ್ತದೆ. ಎರಡು ಮೋಟಾರನ್ನು ಅಡಗಿಸಲು ಹೋಗಿ ಕಟ್ಟಡವನ್ನೇ ಪಣಕ್ಕಿಟ್ಟಂತೆ.

ಬರೆಯುವ ಬಗೆಯೂ ಇದೆ. ನೀರು ನುಗ್ಗಿತು, ಇಷ್ಟು ಹಣ ಬಂತು, ಆಮೇಲೆ ನಾವು ಏನು ಸರಿಪಡಿಸಿದೆವು ಎಂದು ಮೂರನ್ನೂ ಒಟ್ಟಿಗೆ ಹೇಳಿ. ಏನಾದರೂ ಸರಿಪಡಿಸಿದಿರಾ?

ಎ ಬ್ಲಾಕ್ ಖಜಾಂಚಿ

ಪಂಪುಗಳನ್ನು ಒಂದೂವರೆ ಅಡಿ ಕಟ್ಟೆಯ ಮೇಲೆ ಕೂರಿಸಿದೆವು. ನಾನೇ ನಿಂತು ಮಾಡಿಸಿದ್ದು.

ನಿವೃತ್ತ ಸರ್ವೇಯರ್

ಹಾಗಾದರೆ ಅದನ್ನು ಅಡಗಿಸುವುದೇಕೆ? ಫೋಟೋ ತೆಗೆದು ಲಗತ್ತಿಸಿ.

ಎ ಬ್ಲಾಕ್ ಖಜಾಂಚಿ

ಫೋಟೋ ಇದೆ. ನೋಡೋಣ.

ಕಮಿಷನ್ ಬೇಡ

ನನ್ನ ಪರಿಚಯದವರೊಬ್ಬರು ಇದೆಲ್ಲವನ್ನೂ ಅರ್ಧ ದರಕ್ಕೆ ಮಾಡಿಸಿಕೊಡುತ್ತಾರೆ. ಪತ್ರ ಗಿತ್ರ ಏನೂ ಬೇಡ. ಆಸಕ್ತರು ತಿಳಿಸಿ.

ಸೈಟ್ ಎಂಜಿನಿಯರ್

ಹೆಸರು ಚೆನ್ನಾಗಿಟ್ಟುಕೊಂಡಿದ್ದೀರಿ.

ಹೊಸ ಕಾರ್ಯದರ್ಶಿ

ಒಂದು ವಾರವಾಯಿತು. ಎಂಜಿನಿಯರ್ ಒಬ್ಬರನ್ನು ಕರೆಸಿ ಅಳೆಸಿದೆವು. ನೆಲಮಾಳಿಗೆ, ಕಾಂಪೌಂಡು, ಅವಶೇಷ ತೆಗೆಸುವ ಖರ್ಚು, ಶುಲ್ಕ ಎಲ್ಲ ಸೇರಿ 31 ಕೋಟಿ. ಸರ್ವೇಯರ್ ಅವರ ಊಹೆ ಒಂದು ಕೋಟಿ ತಪ್ಪಿತು, ಖಜಾಂಚಿಯವರದು ಹನ್ನೊಂದು. ಹೊಸ ಪತ್ರ ಹೀಗಿದೆ:

> ಮಾನ್ಯರೇ,
> ನಮ್ಮದು ಒಂಬತ್ತು ವರ್ಷ ಹಳೆಯ, 72 ಮನೆಗಳ ಎರಡು ಬ್ಲಾಕುಗಳ ಕಟ್ಟಡ. ಹೊಸದಾಗಿ ಮತ್ತೆ ಕಟ್ಟುವ ವೆಚ್ಚದ ಆಧಾರದ ಮೇಲೆ 31 ಕೋಟಿಗೆ ಕೊಟೇಶನ್ ನೀಡಬೇಕು. ಎಂಜಿನಿಯರರ ವರದಿ ಲಗತ್ತಿಸಿದೆ. ಸರಾಸರಿ ಷರತ್ತು ಇದೆಯೇ, ಎಷ್ಟು ಶೇಕಡಾ ಕೊರತೆಯವರೆಗೆ ಮನ್ನಿಸುತ್ತೀರಿ ಎಂದು ಸ್ಪಷ್ಟವಾಗಿ ತಿಳಿಸಿ.
> ನಾಲ್ಕು ಲಿಫ್ಟ್‌ಗಳ ತಯಾರಿಕೆಯ ವರ್ಷ, ಹೊಸದರ ಬೆಲೆ ಹಾಗೂ ನಿರ್ವಹಣಾ ಒಪ್ಪಂದದ ಪ್ರತಿ ಜೊತೆಗಿವೆ. ಯಂತ್ರ ಕೆಡುವಿಕೆಯ ವಿಮೆಯ ಪ್ರೀಮಿಯಂ ಅನ್ನು ಬೇರೆ ಸಾಲಿನಲ್ಲಿ ತೋರಿಸಿ. ಒಪ್ಪಂದದಲ್ಲಿ ಬರುವ ಭಾಗಗಳನ್ನು ಬಿಟ್ಟು ದರ ಹೇಳಲು ಸಾಧ್ಯವೇ?
> ಸಾರ್ವಜನಿಕ ಹೊಣೆಗಾರಿಕೆ: ಒಂದು ಅಪಘಾತಕ್ಕೆ ಒಂದು ಕೋಟಿ, ವರ್ಷಕ್ಕೆ ಎರಡು ಕೋಟಿ. ಲಿಫ್ಟ್ ಮತ್ತು ಈಜುಕೊಳ ಸೇರಿರಬೇಕು. ಸದಸ್ಯರನ್ನೂ ಅವರ ಕುಟುಂಬದವರನ್ನೂ ಮೂರನೆಯವರೆಂದು ಪರಿಗಣಿಸುತ್ತೀರಾ ಎಂದು ತಿಳಿಸಿ.
> ಎರಡು ವರ್ಷದ ಹಿಂದೆ ಪಂಪ್ ಕೋಣೆಯಲ್ಲಿ ನೀರು ನುಗ್ಗಿ ಎರಡು ಮೋಟಾರುಗಳಿಗೆ ಕ್ಲೇಮ್ ಪಡೆದಿದ್ದೇವೆ. ನಂತರ ಪಂಪುಗಳನ್ನು ಕಟ್ಟೆಯ ಮೇಲೆ ಏರಿಸಿದ್ದೇವೆ. ಫೋಟೋ ಲಗತ್ತಿಸಿದೆ.
> ದರ ಹೇಳುವ ಮುನ್ನ ಕಟ್ಟಡ ನೋಡಲು ಬರುವುದಾದರೆ ಸ್ವಾಗತ.

ನಿವೃತ್ತ ಸರ್ವೇಯರ್

ಚೆನ್ನಾಗಿದೆ. ನಷ್ಟದಲ್ಲಿ ನೀವೇ ಭರಿಸಬೇಕಾದ ಮೊದಲ ಮೊತ್ತ ಎಷ್ಟು ಎಂಬುದನ್ನು ಪ್ರತಿ ವಿಭಾಗಕ್ಕೂ ಕೇಳಿ. ಅಗ್ಗದ ಕೊಟೇಶನ್ನುಗಳು ಅಲ್ಲೂ ಅಡಗಿರುತ್ತವೆ.

ಐದನೇ ಮಹಡಿ ವಕೀಲೆ

ಮನೆಯೊಳಗಿನ ಟೈಲ್ಸ್, ಮಾಲೀಕರು ಆಮೇಲೆ ಮಾಡಿಸಿದ ಅಡುಗೆಮನೆಯ ಕಪಾಟುಗಳು 31 ಕೋಟಿಯಲ್ಲಿ ಇವೆಯೇ, ಇಲ್ಲವೇ?

ಹೊಸ ಕಾರ್ಯದರ್ಶಿ

ಬಿಲ್ಡರ್ ಕೊಟ್ಟದ್ದು ಇದೆ, ಆಮೇಲೆ ಮಾಡಿಸಿದ್ದು ಇಲ್ಲ ಎಂದು ಎಂಜಿನಿಯರ್ ಹೇಳಿದರು. ಹೊಸದನ್ನು ಸೇರಿಸಬೇಕೆಂದು ಅರ್ಧ ಜನ, ಅವರವರೇ ಮಾಡಿಸಿಕೊಳ್ಳಲಿ ಎಂದು ಉಳಿದರ್ಧ. ನಿನ್ನೆಯ ಸಭೆ ಇದೇ ವಿಷಯಕ್ಕೆ ರಾತ್ರಿ ಹನ್ನೊಂದರವರೆಗೆ ನಡೆದು ಹಾಗೇ ಮುಗಿಯಿತು.

ವಿಮೆ ಬೇಡದವನು

ನಿಧಿ ಇಡಿ ಎಂದು ಮೊದಲೇ ಹೇಳಿದ್ದೆ.

ಮೂರನೇ ಮಹಡಿ ಅಮ್ಮ

ಖಜಾಂಚಿಯವರು ನಿನ್ನೆ ಪ್ಲಂಬರನ್ನು ಕರೆದುಕೊಂಡು ಬಂದಿದ್ದರು. ಸೋರಿಕೆ ನಿಂತಿದೆ. ಕಪಾಟಿನ ಮಾತು ಎತ್ತಲಿಲ್ಲ.